ಹಳೆಯ ಮ್ಯಾನೇಜರ್ ಮತ್ತೆ ಕರೆದಾಗ 'ಬರುವುದಿಲ್ಲ' ಎನ್ನುವುದು ಹೇಗೆ?

1981ರಲ್ಲಿ ಪುಣೆಯಲ್ಲಿ ಇನ್ಫೊಸಿಸ್ ಶುರು ಮಾಡಿದ ಏಳು ಮಂದಿ ಅದಕ್ಕೂ ಮೊದಲು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ದುಡಿದವರು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅಮೆಜಾನ್‌ನಲ್ಲಿ ಸಹೋದ್ಯೋಗಿಗಳಾಗಿದ್ದರು. ಮುಂದೆ ಅದೇ ಫ್ಲಿಪ್‌ಕಾರ್ಟ್‌ನಿಂದ ಹೊರಬಂದವರು ಸೇರಿ ಫೋನ್‌ಪೇ ಕಟ್ಟಿದರು, ಇನ್ನು ಕೆಲವರು ಉಡಾನ್ ಕಟ್ಟಿದರು. ಬೆಂಗಳೂರಿನ ಕಂಪನಿಗಳು ಹುಟ್ಟುವುದು ಹೀಗೆ. ಹೊಸ ಕಂಪನಿಗೆ ಮೊದಲು ಬೇಕಾಗುವ ಹತ್ತಿಪ್ಪತ್ತು ಜನರಿಗಾಗಿ ಯಾರೂ ಜಾಹೀರಾತು ಕೊಟ್ಟು ಕಾಯುತ್ತ ಕೂರುವುದಿಲ್ಲ. ಹಿಂದೆ ಜತೆಯಲ್ಲಿ ಕೆಲಸ ಮಾಡಿದ್ದವರಿಗೆ ಫೋನ್ ಮಾಡುತ್ತಾರೆ.

ಆ ಫೋನ್ ಬಂದವರಿಗೆ ಹೋಗುವ ಮನಸ್ಸಿದ್ದರೆ ಕಷ್ಟವೇನಿಲ್ಲ. ಹೋಗುವ ಮನಸ್ಸಿಲ್ಲದಾಗ ಕಷ್ಟ ಶುರುವಾಗುತ್ತದೆ. ಎಚ್‌ಆರ್ ಏಜೆನ್ಸಿಯವರಿಗೆ 'ಆಸಕ್ತಿ ಇಲ್ಲ' ಎಂದು ಎರಡು ಪದದಲ್ಲಿ ಹೇಳಿ ಮುಗಿಸುವವರಿಗೂ ಹಳೆಯ ಮ್ಯಾನೇಜರ್ ಎದುರು ಬಾಯಿ ಕಟ್ಟುತ್ತದೆ. ಅವರು ಕೆಲಸ ಕಲಿಸಿದವರು, ಬಡ್ತಿಗೆ ಹೋರಾಡಿದವರು, ಕಂಪನಿ ಬಿಡುವಾಗ ಕೇಕ್ ಕತ್ತರಿಸಿ ಕಳಿಸಿಕೊಟ್ಟವರು. ಜಗಳವಾಡಿ ಹೊರಬಂದಿದ್ದರೆ ಉತ್ತರ ಸಲೀಸಾಗಿ ಬರುತ್ತಿತ್ತು. ಸಂಬಂಧ ಚೆನ್ನಾಗಿದ್ದುದರಿಂದಲೇ ದಾಕ್ಷಿಣ್ಯ ಅಡ್ಡ ಬರುತ್ತದೆ.

ಒಂದು ಪ್ರಸಂಗ ಇಟ್ಟುಕೊಳ್ಳೋಣ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಎರಡು ತಿಂಗಳಿಂದ ಕೆಲಸದಲ್ಲಿರುವ ಮಹಿಳೆ. ಟೆಸ್ಟಿಂಗ್ ಲೀಡ್ ಆಗಿ ಸೇರಿದವರು, ಆರು ತಿಂಗಳ ಹಿಂದೆ ಪ್ರಾಡಕ್ಟ್ ವಿಭಾಗಕ್ಕೆ ಹೊರಳಿದ್ದಾರೆ. ಹಿಂದಿನ ಕಂಪನಿಯಲ್ಲಿ ಅವರ ಮ್ಯಾನೇಜರ್ ಆಗಿದ್ದವರು ಈಗ ಕೋರಮಂಗಲದ ಸ್ಟಾರ್ಟಪ್ ಒಂದರಲ್ಲಿ ಇಂಜಿನಿಯರಿಂಗ್ ಮುಖ್ಯಸ್ಥರು. ಒಂದು ಸಂಜೆ ಅವರ ಫೋನ್ ಬರುತ್ತದೆ.

"ನಮ್ಮಲ್ಲಿಗೆ ಬಂದ್ಬಿಡಿ. ಟೆಸ್ಟಿಂಗ್ ಪೂರ್ತಿ ನೀವೇ ನೋಡ್ಕೊಳ್ಳಿ. ನಿಮ್ಮ ಕೆಲಸ ನನಗೆ ಗೊತ್ತಿಲ್ವಾ? ಇಂಟರ್‌ವ್ಯೂ ಎಲ್ಲ ಹೆಸರಿಗೆ ಅಷ್ಟೇ."

"ಸರ್, ನೆನಪಿಟ್ಕೊಂಡು ಫೋನ್ ಮಾಡಿದ್ರಲ್ಲ, ಅದೇ ಖುಷಿ. ನೋಡೋಣ ಸರ್. ಮನೇಲಿ ಮಾತಾಡಿ ಹೇಳ್ತೀನಿ."

ಹೋಗುವುದಿಲ್ಲ ಎಂದು ಆಕೆಗೆ ಆ ಕ್ಷಣಕ್ಕೇ ಗೊತ್ತಿತ್ತು. ಮನೆಯಲ್ಲಿ ಮಾತಾಡುವಂಥದ್ದೇನೂ ಇರಲಿಲ್ಲ. ಫೋನ್ ಇಟ್ಟಾಗ ಸಮಾಧಾನವೂ ಆಯಿತು. ಆದರೆ ಅತ್ತ ಕಡೆ ಆ ಮಾತು ಬೇರೆಯೇ ಕೆಲಸ ಮಾಡತೊಡಗಿತು.

ಆ ಕಡೆ ನಡೆಯುವುದೇನು ಎಂಬುದನ್ನು ತಿಳಿಯದವರಿಗೆ ಬೇಗ ಉತ್ತರಿಸುವುದು ಏಕೆ ಮುಖ್ಯ ಎಂಬುದೂ ತಿಳಿಯುವುದಿಲ್ಲ. ಮ್ಯಾನೇಜರ್ ಮರುದಿನವೇ ಎಚ್‌ಆರ್‌ಗೆ 'ನನ್ನ ಬಳಿ ಒಬ್ಬರಿದ್ದಾರೆ' ಎಂದು ಹೇಳಿರುತ್ತಾರೆ. ಸ್ಥಾಪಕರ ಮುಂದೆ ಹೆಸರು ಪ್ರಸ್ತಾಪಿಸಿರುತ್ತಾರೆ. ಎರಡನೇ ಸುತ್ತು ಮುಗಿಸಿದ್ದ ಇನ್ನೊಬ್ಬ ಅಭ್ಯರ್ಥಿಯನ್ನು 'ಸ್ವಲ್ಪ ಕಾಯಿಸಿ' ಎಂದಿರುತ್ತಾರೆ. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು. ಅಂದರೆ ಇಂದು ಆಫರ್ ಕೊಟ್ಟರೂ ಕೆಲಸಕ್ಕೆ ಕೈ ಸಿಗುವುದು ಮೂರು ತಿಂಗಳ ನಂತರ. 'ನೋಡೋಣ' ಎಂದವರು ಮೂರು ವಾರ ಬಿಟ್ಟು 'ಆಗಲ್ಲ' ಎಂದರೆ, ಆ ಮೂರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರು. ಕಾಯುತ್ತಿದ್ದ ಅಭ್ಯರ್ಥಿ ಅಷ್ಟರಲ್ಲಿ ಬೇರೆಡೆ ಸೇರಿರುತ್ತಾರೆ. ಸಭೆಯಲ್ಲಿ ಹೆಸರು ಹೇಳಿದ್ದ ಮ್ಯಾನೇಜರ್ ಮುಖ ಸಣ್ಣದಾಗುತ್ತದೆ. ಮೊದಲ ಸಂಜೆಯೇ ಇಲ್ಲ ಎಂದಿದ್ದರೆ ಅವರಿಗೆ ಆಗುತ್ತಿದ್ದುದು ಒಂದಿಷ್ಟು ನಿರಾಸೆ ಮಾತ್ರ.

ಆದ್ದರಿಂದ ಮೊದಲ ಫೋನ್‌ನಲ್ಲಿ ಉತ್ತರ ಗೊತ್ತಿದ್ದರೆ ಆಗಲೇ ಹೇಳಬೇಕು. ನಿಜಕ್ಕೂ ಯೋಚಿಸಬೇಕಿದ್ದರೆ ಒಂದು ದಿನ ಗೊತ್ತು ಮಾಡಬೇಕು: "ಶುಕ್ರವಾರ ಸಂಜೆಯೊಳಗೆ ನಾನೇ ಫೋನ್ ಮಾಡ್ತೀನಿ ಸರ್. ಅಲ್ಲಿವರೆಗೆ ನನ್ನನ್ನು ಲೆಕ್ಕಕ್ಕೆ ತಗೋಬೇಡಿ." ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ಮುಖ್ಯ. ಅದು ಅವರ ಬೇರೆ ದಾರಿಗಳನ್ನು ತೆರೆದೇ ಇಡುತ್ತದೆ. ಹೀಗೆ ಯೋಚಿಸುವ ದಿನಗಳಲ್ಲಿ ಸಂಬಳ ಎಷ್ಟು, ಷೇರು ಎಷ್ಟು ಎಂದು ಕೇಳುವುದು ಹೋಗುವ ಮನಸ್ಸು ಅರ್ಧವಾದರೂ ಇರುವವರಿಗೆ ಸರಿ. ಹೋಗುವುದಿಲ್ಲ ಎಂದು ತೀರ್ಮಾನಿಸಿದವರು ಕುತೂಹಲಕ್ಕೂ ಕೇಳಬಾರದು. ಅಂಕಿ ಬಾಯಿಂದ ಬಂತೆಂದರೆ ಕೇಳಿದವರು ಚೌಕಾಸಿಗೆ ಕೂತಿದ್ದಾರೆ ಎಂದೇ ಅರ್ಥ.

ಇನ್ನು ಕಾರಣದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ.

ನಮ್ಮ ಪ್ರಸಂಗದ ಮಹಿಳೆ ಮರುದಿನ ಕಾರಣಗಳನ್ನು ಹೊಂದಿಸತೊಡಗಿದರು. ಮೊದಲು ಹೊಳೆದದ್ದು ಗ್ರಾಚ್ಯುಟಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷದ ಸತತ ಸೇವೆ ಬೇಕು. ಮೂರು ತಿಂಗಳ ನೋಟಿಸ್ ಸೇರಿಸಿದರೂ ಅವರದು ನಾಲ್ಕು ವರ್ಷ ಐದು ತಿಂಗಳಿಗೆ ನಿಲ್ಲುತ್ತದೆ. ಲೆಕ್ಕ ಸುಲಭ: ಗ್ರಾಚ್ಯುಟಿಗೆ ಪರಿಗಣಿಸುವ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ವೇತನ 60 ಸಾವಿರ ರೂಪಾಯಿ ಎಂದುಕೊಂಡರೆ ಐದು ವರ್ಷಕ್ಕೆ ಸುಮಾರು 1 ಲಕ್ಷ 73 ಸಾವಿರ. ಕಳೆದುಕೊಳ್ಳಲು ಮನಸ್ಸಾಗದ ಮೊತ್ತವೇ ಹೌದು. ಕಾರಣ ನಿಜವೂ ಹೌದು. ಆದರೆ ನಿರಾಕರಣೆಗೆ ಅದು ಒದಗುವುದಿಲ್ಲ. "ಅಷ್ಟೇನಾ? ಜಾಯಿನಿಂಗ್ ಬೋನಸ್‌ನಲ್ಲಿ ಸೇರಿಸಿ ಕೊಡಿಸ್ತೀನಿ" ಎಂದು ಮ್ಯಾನೇಜರ್ ಅಲ್ಲೇ ಮುಗಿಸುತ್ತಾರೆ. ಅದಾದ ಮೇಲೆ ಆಕೆಯ ಬಳಿ ಇಲ್ಲ ಎನ್ನಲು ಏನೂ ಉಳಿದಿರುವುದಿಲ್ಲ.

ನೋಟಿಸ್ ಪೀರಿಯಡ್ ಉದ್ದ ಎಂದರೂ ಅಷ್ಟೇ. ಎಷ್ಟೋ ಕಂಪನಿಗಳು ಉಳಿದ ದಿನಗಳ ಹಣ ತಾವೇ ಕಟ್ಟಿ ಜನರನ್ನು ಬೇಗ ಬಿಡಿಸಿಕೊಳ್ಳುತ್ತವೆ. ದೂರ ಎಂದರೆ ವಾರಕ್ಕೆ ಮೂರು ದಿನ ಮನೆಯಿಂದಲೇ ಮಾಡಿ ಎನ್ನುತ್ತಾರೆ. ಸಂಬಳ ಸಾಲದು ಎಂದರಂತೂ ಹೇಳುವುದೇ ಬೇಡ.

ಕೆಲವರು ಕಾನೂನಿನ ನೆಪ ಹುಡುಕುತ್ತಾರೆ. 'ಕೆಲಸ ಬಿಟ್ಟ ಮೇಲೆ ಒಂದು ವರ್ಷ ಸ್ಪರ್ಧಿ ಕಂಪನಿ ಸೇರಬಾರದು ಅಂತ ಬರೆಸ್ಕೊಂಡಿದ್ದಾರೆ' ಎನ್ನುವುದು ಇವುಗಳಲ್ಲಿ ಹೆಚ್ಚು ಕೇಳಿಬರುವ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ನ್ಯಾಯಬದ್ಧ ಉದ್ಯೋಗ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕೆಲಸ ಬಿಟ್ಟ ನಂತರಕ್ಕೂ ಅನ್ವಯಿಸುವ ಇಂಥ ಷರತ್ತುಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಜಾರಿ ಮಾಡುವುದಿಲ್ಲ. ಇಷ್ಟು ವರ್ಷ ಜನರನ್ನು ಸೇರಿಸಿಕೊಂಡು ಬಂದ ಮ್ಯಾನೇಜರ್‌ಗೆ ಇದು ಗೊತ್ತೇ ಇರುತ್ತದೆ. ಇಷ್ಟು ವರ್ಷ ಇದ್ದೇ ತೀರಬೇಕು ಎಂಬ ಬಾಂಡ್‌ನ ಕಥೆ ಬೇರೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಡುವ ಅಧಿಕಾರಿ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಬಾಂಡ್ ಎಂದರೂ ಕೊನೆಗೆ ಒಂದು ಮೊತ್ತ. ಅದನ್ನೂ ಎದುರಿನವರು ಕಟ್ಟಬಲ್ಲರು. ಇಲ್ಲದ ಬಾಂಡ್ ಇದೆ ಎಂದು ಹೇಳಿದವರ ಪಾಡಂತೂ ಇನ್ನೂ ಕಷ್ಟ. ಇಬ್ಬರಿಗೂ ಪರಿಚಯವಿರುವ ಯಾರಾದರೊಬ್ಬರು ಆ ಕಂಪನಿಯಲ್ಲಿ ಇದ್ದೇ ಇರುತ್ತಾರೆ.

ಇವೆಲ್ಲದರಿಂದ ಸಿಗುವ ಪಾಠ ಒಂದೇ: ಎದುರಿನವರು ದುಡ್ಡು ಕೊಟ್ಟು ಅಥವಾ ನಿಯಮ ಸಡಿಲಿಸಿ ತೆಗೆದುಹಾಕಬಹುದಾದ ಅಡ್ಡಿಯನ್ನು ಕಾರಣವಾಗಿ ಹೇಳಬಾರದು. ತಾನು ಮಾಡಿಕೊಂಡ ತೀರ್ಮಾನವನ್ನೇ ಹೇಳಬೇಕು. ಅಡ್ಡಿಯ ಮಾತು ಕೇಳಿದವರು 'ಅದನ್ನು ಸರಿಪಡಿಸಿದರೆ ಬರುತ್ತಾರೆ' ಎಂದು ತಿಳಿಯುತ್ತಾರೆ, ಹಾಗೆ ತಿಳಿದುಕೊಳ್ಳುವುದರಲ್ಲಿ ಅವರ ತಪ್ಪೂ ಇಲ್ಲ. ನಮ್ಮ ಮಹಿಳೆಯ ನಿಜವಾದ ಕಾರಣ ಹಣದ್ದಲ್ಲ. ಪ್ರಾಡಕ್ಟ್ ಕೆಲಸ ಈಗಷ್ಟೇ ಕೈಗೆ ಹತ್ತುತ್ತಿದೆ, ಒಂದು ಬಿಡುಗಡೆಯನ್ನು ಮೊದಲಿಂದ ಕೊನೆಯವರೆಗೆ ತಾನೇ ನಡೆಸಬೇಕು ಎಂಬ ಆಸೆಯಿದೆ. ಅದನ್ನು ಹಾಗೇ ಹೇಳಿದರೆ ಸಾಕು.

ಗುರುವಾರ ಅವರು ತಾವೇ ಫೋನ್ ಮಾಡಿದರು. ವಾಟ್ಸ್ಆ್ಯಪ್ ಸಂದೇಶ ಕಳಿಸಿ ತಪ್ಪಿಸಿಕೊಳ್ಳಲಿಲ್ಲ. ಫೋನ್ ಮಾಡಿ ಕರೆದವರಿಗೆ ಫೋನ್‌ನಲ್ಲೇ ಉತ್ತರಿಸುವುದು ಮರ್ಯಾದೆ, ಆಮೇಲೆ ಎರಡು ಸಾಲು ಬರೆದು ಕಳಿಸುವುದು ಗೊಂದಲಕ್ಕೆ ಎಡೆಯಿಲ್ಲದಂತೆ.

"ಸರ್, ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಬರೋದಿಲ್ಲ ಅಂತ ನಿರ್ಧಾರ ಮಾಡಿದೀನಿ. ಮೊನ್ನೆ 'ನೋಡೋಣ' ಅಂದಿದ್ದು ಸರಿಯಾಗ್ಲಿಲ್ಲ, ಕ್ಷಮಿಸಿ. ಆರು ತಿಂಗಳಿಂದ ಪ್ರಾಡಕ್ಟ್ ಕಡೆ ಬಂದಿದೀನಿ. ಒಂದು ರಿಲೀಸ್ ಪೂರ್ತಿ ನಾನೇ ಮಾಡೋ ತನಕ ಇಲ್ಲಿಂದ ಕದಲೋದಿಲ್ಲ."

"ಪ್ರಾಡಕ್ಟ್ ಕೆಲಸಾನೇ ಬೇಕಾ? ಇಲ್ಲೂ ಕೊಡಬಹುದು. ಸ್ಥಾಪಕರ ಹತ್ರ ಮಾತಾಡ್ಲಾ?"

"ಬೇಡ ಸರ್. ಶುರು ಮಾಡಿದ್ದನ್ನ ಇಲ್ಲೇ ಮುಗಿಸ್ಬೇಕು. ಅಲ್ಲಿ ಯಾವ ಹುದ್ದೆ ಅನ್ನೋದು ಪ್ರಶ್ನೆ ಅಲ್ಲ."

ಈ ಎರಡನೇ ಒತ್ತಾಯ ಬಂದೇ ಬರುತ್ತದೆ. ಅದಕ್ಕೆ ಸಿದ್ಧರಾಗಿಲ್ಲದವರು ಆಗ ಹೊಸ ಕಾರಣ ಹುಡುಕುತ್ತಾರೆ: ಮಗಳು ಈ ವರ್ಷ ಹತ್ತನೇ ಕ್ಲಾಸು, ಅತ್ತೆಗೆ ಹುಷಾರಿಲ್ಲ, ಮನೆ ಸಾಲ. ಕಾರಣಗಳು ಹೆಚ್ಚಿದಷ್ಟೂ ಯಾವುದೂ ನಿಜವಲ್ಲವೇನೋ ಎನಿಸುತ್ತದೆ. ಮೊದಲು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಸುಮ್ಮನಾಗಬೇಕು. ಆ ಕಡೆಯೂ ಕೆಲ ಕ್ಷಣ ಮೌನವಿದ್ದರೆ ಅದನ್ನು ತುಂಬಲು ಹೋಗಬಾರದು, ತುಂಬುವ ಆತುರದಲ್ಲೇ 'ಆರು ತಿಂಗಳಾದ್ಮೇಲೆ ನೋಡ್ಬಹುದು ಸರ್' ಎಂಬ ಮಾತು ಹೊರಬೀಳುತ್ತದೆ. ಹಾಗೆಂದವರಿಗೆ ಆರು ತಿಂಗಳಿಗೆ ಸರಿಯಾಗಿ ಇನ್ನೊಂದು ಫೋನ್ ಬರುತ್ತದೆ, ಆಗ ನಿರಾಕರಿಸುವುದು ಈಗಿನ ಎರಡರಷ್ಟು ಕಷ್ಟ. ಮುಂದೆ ನಿಜಕ್ಕೂ ಆಸಕ್ತಿ ಇರುವವರು ಕೂಡ ಅವಧಿ ಹೇಳದಿರುವುದೇ ಒಳ್ಳೆಯದು. 'ನನ್ನ ಮನಸ್ಸು ಬದಲಾದರೆ ನಾನೇ ಮೊದಲು ಫೋನ್ ಮಾಡ್ತೀನಿ' ಎಂದರೆ ಕಾಯುವ ಹೊರೆ ಅವರ ಮೇಲಿರುವುದಿಲ್ಲ.

ಆ ಸಂಜೆ ಕಳಿಸಿದ ಸಂದೇಶ ಇಷ್ಟೇ ಇತ್ತು: "ಸರ್, ಇವತ್ತು ಮಾತಾಡಿದಂತೆ ನಾನು ಈ ಹುದ್ದೆಗೆ ಬರುತ್ತಿಲ್ಲ. ದಯವಿಟ್ಟು ಬೇರೆಯವರನ್ನು ನೋಡಿ. ನನ್ನನ್ನು ನೆನೆದದ್ದಕ್ಕೆ ನಿಜಕ್ಕೂ ಋಣಿ. ನಾನು ಮೊದಲ ಬಾರಿ ಲೀಡ್ ಆದದ್ದು ನೀವು ನಂಬಿದ್ದರಿಂದ, ಅದನ್ನು ಮರೆತಿಲ್ಲ." ಮೊದಲ ವಾಕ್ಯದಲ್ಲೇ ಉತ್ತರವಿದೆ. ಮ್ಯಾನೇಜರ್ ಅದನ್ನು ಎಚ್‌ಆರ್‌ಗೆ ತೋರಿಸಿ ಕಾಯುತ್ತಿದ್ದ ಅಭ್ಯರ್ಥಿಯನ್ನು ಅಂದೇ ಕರೆಸಬಹುದು. ಕೃತಜ್ಞತೆಯ ಮಾತಿಗೆ ಒಂದು ನಿರ್ದಿಷ್ಟ ನೆನಪು ಜೊತೆಗಿದೆ, ಹಾಗಾಗಿ ಅದು ಎಲ್ಲರಿಗೂ ಕಳಿಸುವ ಒಣ ಧನ್ಯವಾದವಾಗಿ ಕಾಣುವುದಿಲ್ಲ.

ನಿಜವಾದ ಕಾರಣ ಹೇಳಲಾಗದಂಥದ್ದಾದರೆ? ಹಳೆಯ ಮ್ಯಾನೇಜರ್ ಒಳ್ಳೆಯವರೇ, ಆದರೆ ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಕರೆಯುವವರು. ಅಥವಾ ಆ ಕಂಪನಿ ಎರಡು ವರ್ಷ ಬಾಳೀತು ಎಂಬ ನಂಬಿಕೆ ಇಲ್ಲ. ಇಲ್ಲಿ ಸುಳ್ಳು ಕಟ್ಟುವ ಅಗತ್ಯವಿಲ್ಲ, ಪೂರ್ತಿ ಸತ್ಯ ಒಪ್ಪಿಸುವ ಅಗತ್ಯವೂ ಇಲ್ಲ. "ಚೆನ್ನಾಗಿ ಯೋಚಿಸಿದೆ ಸರ್, ಈಗಿರೋ ಕಡೆಯೇ ಇರ್ತೀನಿ" ಎಂಬುದು ಪೂರ್ಣ ಉತ್ತರ. ಕೇಳದೆ ಕಂಪನಿಯ ಬಂಡವಾಳದ ಬಗ್ಗೆ, ಕೆಲಸದ ರೀತಿಯ ಬಗ್ಗೆ ಅಭಿಪ್ರಾಯ ಕೊಡುವುದು ಬೇಡ. ಅವರು ತಮ್ಮ ಉದ್ಯೋಗವನ್ನೇ ಪಣಕ್ಕಿಟ್ಟು ಅಲ್ಲಿಗೆ ಹೋಗಿದ್ದಾರೆ.

ದಾಕ್ಷಿಣ್ಯಕ್ಕೆ ಒಪ್ಪಿಕೊಂಡು ಹೋದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ಹಾಕಬೇಕು. ಸ್ಟಾರ್ಟಪ್‌ಗಳು ಸಂಬಳದ ಜೊತೆಗೆ ಷೇರು ಕೊಡುವ ಮಾತಾಡುತ್ತವೆ. ನಮ್ಮ ಕಂಪನಿ ಕಾನೂನಿನ ನಿಯಮದಂತೆ ಅಂಥ ಷೇರು ಹಕ್ಕು ಕೊಟ್ಟ ದಿನಕ್ಕೂ ಅದು ಕೈಗೆ ದಕ್ಕುವ ದಿನಕ್ಕೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು. ಮನಸ್ಸಿಲ್ಲದೆ ಹೋದವರು ಎಂಟೊಂಬತ್ತು ತಿಂಗಳಿಗೆ ಹೊರಬಂದರೆ ಷೇರು ಸೊನ್ನೆ, ಹಿಂದಿನ ಕಂಪನಿಯ ಗ್ರಾಚ್ಯುಟಿಯೂ ಹೋಗಿರುತ್ತದೆ. ಜಾಯಿನಿಂಗ್ ಬೋನಸ್‌ಗೂ ಹೆಚ್ಚಾಗಿ ಒಂದು ವರ್ಷದೊಳಗೆ ಬಿಟ್ಟರೆ ಮರಳಿಸಬೇಕೆಂಬ ಷರತ್ತಿರುತ್ತದೆ. ಯಾವ ಸಂಬಂಧ ಉಳಿಸಲು ಹೋದರೋ ಆ ಸಂಬಂಧವೂ ಆ ರಾಜೀನಾಮೆಯ ದಿನ ಹಳಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೋಗುವ ಉದ್ದೇಶವಿಲ್ಲದೆ ಇಂಟರ್‌ವ್ಯೂಗೆ ಕೂತು, ಆಫರ್ ಲೆಟರ್ ತೆಗೆದುಕೊಂಡು, ಅದನ್ನು ಈಗಿನ ಬಾಸ್‌ಗೆ ತೋರಿಸಿ ಸಂಬಳ ಏರಿಸಿಕೊಳ್ಳುವುದು. ಅಪರಿಚಿತ ಕಂಪನಿಯ ಜೊತೆ ಹೀಗೆ ಮಾಡುವವರು ಬಹಳ ಜನರಿದ್ದಾರೆ. ಕರೆದವರು ಹಳೆಯ ಸಹೋದ್ಯೋಗಿಯಾಗಿದ್ದಾಗ ಇದು ನೇರ ದ್ರೋಹ. ಆ ಆಫರ್‌ಗೆ ಒಪ್ಪಿಗೆ ಪಡೆಯಲು ಅವರು ತಮ್ಮ ಹೆಸರನ್ನೇ ಜಾಮೀನು ಕೊಟ್ಟಿರುತ್ತಾರೆ. ಆಫರ್‌ಗೆ ಸಹಿ ಹಾಕಿದ ಮೇಲೆ ಮನಸ್ಸು ನಿಜಕ್ಕೂ ಬದಲಾದರೆ ಆ ದಿನವೇ ತಿಳಿಸಬೇಕು. ಸೇರುವ ಹಿಂದಿನ ದಿನ ಫೋನ್ ಆಫ್ ಮಾಡಿ ಕೂರುವವರನ್ನು ಬೆಂಗಳೂರಿನ ಎಚ್‌ಆರ್‌ಗಳು ಚೆನ್ನಾಗಿ ನೆನಪಿಡುತ್ತಾರೆ.

"ಹೋಗ್ಲಿ, ನಿಮ್ಮಲ್ಲಿ ಬೇರೆ ಯಾರಾದ್ರೂ ಒಳ್ಳೆಯವರಿದ್ರೆ ಹೇಳಿ." ಇಲ್ಲ ಎಂದ ಮೇಲೆ ಬರುವ ಮುಂದಿನ ಮಾತು ಇದು. ಬೇಸರ ಕಳೆಯಲು ಎರಡು ಹೆಸರು ಕೊಟ್ಟುಬಿಡುವ ಆಸೆಯಾಗುತ್ತದೆ. ಈಗಿನ ಕಂಪನಿಯ ಸಹೋದ್ಯೋಗಿಗಳ ಹೆಸರು ಕೊಡುವ ಮುನ್ನ ನೇಮಕಾತಿ ಪತ್ರ ತೆಗೆದು ಓದಬೇಕು. ಸಹೋದ್ಯೋಗಿಗಳನ್ನು ಬೇರೆಡೆಗೆ ಸೆಳೆಯುವುದಿಲ್ಲ ಎಂಬ ಷರತ್ತು ಅನೇಕ ಪತ್ರಗಳಲ್ಲಿ ಇರುತ್ತದೆ, ಕೆಲಸದಲ್ಲಿ ಇರುವಷ್ಟು ಕಾಲ ಅದು ಗಂಭೀರ ವಿಷಯ. ಷರತ್ತಿಲ್ಲದಿದ್ದರೂ 'ಅವರು ಕೆಲಸ ಹುಡುಕ್ತಿದ್ದಾರೆ' ಎಂಬ ಸುದ್ದಿ ಹೊರಬಿದ್ದರೆ ಪೆಟ್ಟು ತಿನ್ನುವುದು ಆ ಮೂರನೆಯವರು. ಕಂಪನಿಯ ಹೊರಗಿನ ಪರಿಚಯದವರಿದ್ದರೆ, ಮೊದಲು ಅವರನ್ನು ಕೇಳಿ, ಒಪ್ಪಿದ ಮೇಲೆ ನಂಬರ್ ಕೊಡಬಹುದು. ನಮ್ಮ ಪ್ರಸಂಗದ ಮಹಿಳೆ ಹಳೆಯ ಕಂಪನಿಯಲ್ಲಿ ತಮ್ಮ ಜೊತೆಗಿದ್ದು, ಮಗುವಿಗಾಗಿ ಎರಡು ವರ್ಷ ಬಿಡುವು ತೆಗೆದುಕೊಂಡಿದ್ದ ಟೆಸ್ಟರ್ ಒಬ್ಬರನ್ನು ಕೇಳಿದರು, ಆಕೆ ಹೂಂ ಎಂದ ಮೇಲೆ ಹೆಸರು ಹೇಳಿದರು. ಮ್ಯಾನೇಜರ್‌ಗೂ ಆಕೆಯ ಕೆಲಸ ಗೊತ್ತಿತ್ತು.

ಈ ಮಾತುಕತೆ ಯಾವುದೂ ಆಫೀಸಿನ ಇಮೇಲ್, ಆಫೀಸಿನ ಚಾಟ್‌ನಲ್ಲಿ ನಡೆಯಬಾರದು. ಅವು ಕಂಪನಿಯ ಸ್ವತ್ತು, ತೆರೆದು ನೋಡುವ ಅವಕಾಶ ಕಂಪನಿಗಿರುತ್ತದೆ. ನಿರಾಕರಿಸಿದ ಸಂದೇಶವೂ 'ಹೊರಗೆ ಮಾತಾಡ್ತಿದ್ದಾರೆ' ಎಂಬುದಕ್ಕೆ ಸಾಕ್ಷಿಯಾಗಿಬಿಡಬಹುದು. ಹಾಗೆಯೇ ಮಾತಿನ ನಡುವೆ ಆ ಸ್ಟಾರ್ಟಪ್‌ನ ಯೋಜನೆ, ಗ್ರಾಹಕರ ಹೆಸರು, ಹೂಡಿಕೆಯ ಮೊತ್ತ ಕಿವಿಗೆ ಬಿದ್ದಿದ್ದರೆ ಅದು ಅಲ್ಲಿಗೇ ನಿಲ್ಲಬೇಕು. ಊಟದ ಹೊತ್ತಿನಲ್ಲಿ ಹೇಳಿಕೊಳ್ಳುವ ಸುದ್ದಿ ಅದಲ್ಲ.

ಕೆಲವು ವಾರ ಆ ಕಡೆಯಿಂದ ಮಾತು ಕಡಿಮೆಯಾಗಬಹುದು. ಅದನ್ನು ಮುನಿಸು ಎಂದು ತಿಳಿದು ಮತ್ತೆ ಮತ್ತೆ ಕ್ಷಮೆ ಕೇಳುತ್ತ ಹೋದರೆ ಮುಗಿದ ವಿಷಯ ಮತ್ತೆ ತೆರೆದುಕೊಳ್ಳುತ್ತದೆ. ಯುಗಾದಿಗೋ ದೀಪಾವಳಿಗೋ ಎಂದಿನಂತೆ ಶುಭಾಶಯ ಕಳಿಸಿ, ಅವರ ಕಂಪನಿಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಒಂದು ಅಭಿನಂದನೆ ಹೇಳಿದರೆ ಸಾಕು.

ಈ ಸಾಲುಗಳನ್ನು ಓದುತ್ತಿರುವವರಲ್ಲಿ ಯಾರಾದರೂ ಹಳೆಯ ಸಹೋದ್ಯೋಗಿಗೆ 'ನೋಡೋಣ' ಎಂದು ಹೇಳಿ ದಿನ ದೂಡುತ್ತಿದ್ದರೆ, ದಯವಿಟ್ಟು ಇವತ್ತೇ ಫೋನ್ ಮಾಡಿ. ನಿಮ್ಮ ಉತ್ತರಕ್ಕಾಗಿ ಅವರಷ್ಟೇ ಅಲ್ಲ, ಆ ಹುದ್ದೆಯ ಆಸೆಯಲ್ಲಿರುವ ಇನ್ನೊಬ್ಬರೂ ಕಾಯುತ್ತಿರಬಹುದು.